ಒಂದು ಮಾಹಿತಿಯೂ ಬಿಟ್ಟುಹೋಗದ ಹಾಗೆ ಪ್ರಶ್ನೋತ್ತರ ಬರೆಯುವುದು

ಪ್ರಶ್ನೆ: ನಾಯಿ ಕಚ್ಚಿದರೆ ಏನು ಮಾಡಬೇಕು ಅಂತ ನಮ್ಮ ಊರಿನ ಆಸ್ಪತ್ರೆಯ ಡಾಕ್ಟರು ಒಂದು ಪ್ಯಾರಾ ಬರೆದುಕೊಟ್ಟಿದ್ದಾರೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಹಾಕೋಕೆ ಅದನ್ನು ಪ್ರಶ್ನೋತ್ತರ ಮಾಡಿದೆ. ಓದೋಕೆ ಸುಲಭವಾಗಿದೆ ಅಂತ ಎಲ್ಲರೂ ಹೇಳಿದರು, ಆದರೆ ಡಾಕ್ಟರು ಮಾತ್ರ "ಅರ್ಧ ವಿಷಯ ಬಿಟ್ಟುಹೋಗಿದೆ" ಅಂದರು. ಒಂದೂ ಬಿಡದ ಹಾಗೆ ಬರೆಯೋದು ಹೇಗೆ? ಪ್ಯಾರಾ ಇಲ್ಲಿದೆ:

"ರೇಬೀಸ್ ಸೋಂಕು ತಗುಲಿದ ಪ್ರಾಣಿಯ ಜೊಲ್ಲಿನಿಂದ ಹರಡುವ ಈ ಕಾಯಿಲೆಯು ಲಕ್ಷಣಗಳು ಕಾಣಿಸಿಕೊಂಡ ನಂತರ ಬಹುಪಾಲು ಎಲ್ಲರಲ್ಲೂ ಮಾರಣಾಂತಿಕವಾದ್ದರಿಂದ, ಕಡಿತವಾದ ಕೂಡಲೇ ಗಾಯವನ್ನು ಸೋಪು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಬರತಕ್ಕದ್ದು. ಗಾಯವಿಲ್ಲದ ಚರ್ಮವನ್ನು ನೆಕ್ಕಿದ್ದಲ್ಲಿ ಲಸಿಕೆ ಅಗತ್ಯವಿಲ್ಲ. ರಕ್ತ ಬಾರದ ಸಣ್ಣ ಪರಚುಗಾಯಕ್ಕೆ ಲಸಿಕೆ, ರಕ್ತ ಬಂದ ಕಡಿತ ಅಥವಾ ಪರಚುಗಾಯಕ್ಕೆ ಹಾಗೂ ಮೊದಲೇ ಗಾಯವಾಗಿದ್ದ ಚರ್ಮವನ್ನು ನೆಕ್ಕಿದ್ದಲ್ಲಿ ಲಸಿಕೆಯೊಂದಿಗೆ ಇಮ್ಯುನೊಗ್ಲಾಬ್ಯುಲಿನ್ ಸಹ ಅಗತ್ಯ. ಲಸಿಕೆಯನ್ನು ಚರ್ಮದೊಳಗೆ ನೀಡುವಲ್ಲಿ 0, 3, 7 ಮತ್ತು 28ನೇ ದಿನ, ಸ್ನಾಯುವಿಗೆ ನೀಡುವಲ್ಲಿ 0, 3, 7, 14 ಮತ್ತು 28ನೇ ದಿನ ನೀಡಲಾಗುವುದು (ಮೊದಲ ಡೋಸ್ ಪಡೆದ ದಿನವೇ 0). ಇಮ್ಯುನೊಗ್ಲಾಬ್ಯುಲಿನ್ ಅನ್ನು ಮೊದಲ ದಿನವೇ, ಸಾಧ್ಯವಾಗದಿದ್ದಲ್ಲಿ ಮೊದಲ ಡೋಸಿನಿಂದ 7 ದಿನಗಳೊಳಗೆ, ಗಾಯದ ಒಳಗೂ ಸುತ್ತಲೂ ನೀಡಬೇಕು; ಅನಂತರ ಲಸಿಕೆಯಿಂದ ದೇಹವೇ ಪ್ರತಿಕಾಯ ತಯಾರಿಸುವುದರಿಂದ ಅದರ ಅಗತ್ಯವಿರುವುದಿಲ್ಲ. ಹಿಂದೆ ಪೂರ್ಣ ಲಸಿಕೆ ಪಡೆದವರಿಗೆ 0 ಮತ್ತು 3ನೇ ದಿನದ ಎರಡು ಡೋಸ್ ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಕಿಲ್ಲ. ಕಚ್ಚಿದ ನಾಯಿ ಅಥವಾ ಬೆಕ್ಕನ್ನು 10 ದಿನ ಗಮನಿಸಬೇಕು, ಆದರೆ ಲಸಿಕೆಯನ್ನು ಅದಕ್ಕಾಗಿ ತಡಮಾಡಬಾರದು."

ಉತ್ತರ: ನಿಮ್ಮ ಕರಡು ನನಗೆ ಸಿಕ್ಕಿಲ್ಲ. ಆದರೂ ಅದರಲ್ಲಿ 15, 28, 10 ಎಲ್ಲ ಇದ್ದೇ ಇರುತ್ತವೆ ಅಂತ ಹೇಳಬಲ್ಲೆ. ಇಂಥ ಬರಹದಲ್ಲಿ ಅಂಕಿಗಳು ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ, ಅವು ಕಣ್ಣಿಗೆ ಹೊಡೆಯುತ್ತವೆ. ಬಿಟ್ಟುಹೋಗುವುದು ಅಂಕಿಗಳ ಅಕ್ಕಪಕ್ಕದ ಸಣ್ಣ ಮಾತುಗಳು. "ಆದರೆ", "ಇದ್ದಲ್ಲಿ", "ಮೊದಲ ಡೋಸಿನಿಂದ", "ಆದ್ದರಿಂದ", "ಬಹುಪಾಲು" ಇಂಥವು. ಡಾಕ್ಟರು ಅರ್ಧ ಹೋಗಿದೆ ಅಂದದ್ದು ಬಹುಶಃ ಇದನ್ನೇ.

ಕಾರಣ ಏನು ಗೊತ್ತಾ? ಹೆಚ್ಚಿನವರು ಮೊದಲು ಪ್ರಶ್ನೆ ಬರೆಯುತ್ತಾರೆ. ಎಷ್ಟು ಡೋಸ್? ಯಾವಾಗ? ನಾಯಿಯನ್ನು ಎಷ್ಟು ದಿನ ಗಮನಿಸಬೇಕು? ಆಮೇಲೆ ಒಂದೊಂದಕ್ಕೂ ಪ್ಯಾರಾದಲ್ಲಿ ಉತ್ತರ ಹುಡುಕುತ್ತಾರೆ. ಹೀಗೆ ಮಾಡಿದರೆ ಪ್ರಶ್ನೆ ಎಷ್ಟು ಕೇಳುತ್ತದೋ ಅಷ್ಟೇ ಹೊರಗೆ ಬರುತ್ತದೆ. ಯಾವ ಪ್ರಶ್ನೆಯೂ ಮುಟ್ಟದ ಮಾತು ಪ್ಯಾರಾದಲ್ಲೇ ಉಳಿಯುತ್ತದೆ. "ನಾಯಿಯನ್ನು ಎಷ್ಟು ದಿನ ಗಮನಿಸಬೇಕು?" ಅಂತ ಕೇಳಿದರೆ "10 ದಿನ" ಎನ್ನುವುದು ಪೂರ್ತಿ ಉತ್ತರ. ತಪ್ಪೇನೂ ಇಲ್ಲ. ಆದರೆ ಲಸಿಕೆ ತಡಮಾಡಬಾರದು ಎನ್ನುವ ಮಾತು ಬಿದ್ದುಹೋಯಿತು. ಓದಿದವರು ಏನು ಮಾಡುತ್ತಾರೆ? ನಾಯಿಗೆ ಏನಾದರೂ ಆಗುತ್ತದಾ ಅಂತ ನೋಡುತ್ತಾ 10 ದಿನ ಮನೆಯಲ್ಲೇ ಕೂರುತ್ತಾರೆ. ಈ ಕಾಯಿಲೆಯಲ್ಲಿ ಆ 10 ದಿನ ಜೀವದ ಪ್ರಶ್ನೆ.

ಅದಕ್ಕೇ ಕೆಲಸವನ್ನು ಇನ್ನೊಂದು ತುದಿಯಿಂದ ಶುರು ಮಾಡಿ. ಪ್ರಶ್ನೆಯ ಯೋಚನೆಯೇ ಬೇಡ. ಮೊದಲು ಪ್ಯಾರಾವನ್ನು ಬಿಡಿಬಿಡಿ ಸಂಗತಿಗಳಾಗಿ ಒಡೆದು, ಒಂದು ಹಾಳೆಯಲ್ಲಿ ಸಾಲಾಗಿ ಬರೆದು, ನಂಬರ್ ಹಾಕಿಕೊಳ್ಳಿ.

ಎಲ್ಲಿಯವರೆಗೆ ಒಡೆಯಬೇಕು ಎನ್ನುವುದಕ್ಕೆ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಈ ಸಾಲಿನಲ್ಲಿ ಅರ್ಧ ನಿಜವಾಗಿ, ಇನ್ನರ್ಧ ಸುಳ್ಳಾಗಿರಲು ಸಾಧ್ಯವಾ? ಸಾಧ್ಯವಾದರೆ ಅದು ಒಂದು ಸಂಗತಿ ಅಲ್ಲ, ಎರಡು. ನಿಮ್ಮ ಮೊದಲ ವಾಕ್ಯವನ್ನೇ ನೋಡಿ. ಸೋಂಕು ತಗುಲಿದ ಪ್ರಾಣಿಯ ಜೊಲ್ಲಿನಿಂದ ಹರಡುತ್ತದೆ, ಇದು ಒಂದು. ಲಕ್ಷಣ ಕಾಣಿಸಿಕೊಂಡ ಮೇಲೆ ಬಹುಪಾಲು ಎಲ್ಲರೂ ಸಾಯುತ್ತಾರೆ, ಇದು ಎರಡು. ಕೂಡಲೇ ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಬೇಕು, ಮೂರು. ಆ ತೊಳೆಯುವುದು 15 ನಿಮಿಷ ನಡೆಯಬೇಕು, ನಾಲ್ಕು. ತೊಳೆದ ಮೇಲೆ ಆಸ್ಪತ್ರೆಗೆ ಬರಬೇಕು, ಐದು. ಇಷ್ಟಕ್ಕೆ ನಿಲ್ಲಿಸಿದರೆ ಒಂದು ಉಳಿಯುತ್ತದೆ. ಆ "ಆದ್ದರಿಂದ". ಕಾಯಿಲೆ ಬಂದಮೇಲೆ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು, ಆ ಕಾರಣಕ್ಕೇ ಇಷ್ಟು ಅವಸರ. ಎರಡು ಸಂಗತಿಗಳ ನಡುವಿನ ಈ ಕೊಂಡಿಯೂ ಒಂದು ಸಂಗತಿಯೇ. ಅದಕ್ಕೂ ಒಂದು ನಂಬರ್ ಕೊಡಿ, ಆರು. ಕೊಂಡಿಗೆ ನಂಬರ್ ಕೊಡದಿದ್ದರೆ ಸಾವಿನ ಮಾತು ಒಂದು ಉತ್ತರಕ್ಕೆ, ತೊಳೆಯುವ ಮಾತು ಇನ್ನೊಂದಕ್ಕೆ ಹೋಗಿ, ಎರಡಕ್ಕೂ ಸಂಬಂಧವೇ ಇಲ್ಲದ ಹಾಗೆ ಕಾಣುತ್ತದೆ.

ಹೀಗೆ ಪೂರ್ತಿ ಒಡೆದರೆ ನನ್ನ ಎಣಿಕೆಯಲ್ಲಿ 21 ಸಂಗತಿ ಬರುತ್ತವೆ. ನಿಮಗೆ 20 ಬಂದರೂ 23 ಬಂದರೂ ತೊಂದರೆಯಿಲ್ಲ. 12 ಬಂದರೆ ಮಾತ್ರ ಇನ್ನೂ ಒಡೆಯುವುದಿದೆ ಅಂತ ಅರ್ಥ.

ಒಡೆಯುವಾಗ ಷರತ್ತನ್ನು ಸಂಗತಿಯಿಂದ ಬೇರೆ ಮಾಡಬೇಡಿ. "ಲಸಿಕೆ ಬೇಕಿಲ್ಲ" ಅಂತ ಒಂದು ಸಾಲು, "ಗಾಯವಿಲ್ಲದ ಚರ್ಮ" ಅಂತ ಇನ್ನೊಂದು ಸಾಲು ಆಗಬಾರದು. "ಗಾಯವಿಲ್ಲದ ಚರ್ಮವನ್ನು ನೆಕ್ಕಿದ್ದರೆ ಲಸಿಕೆ ಬೇಕಿಲ್ಲ" ಎನ್ನುವುದು ಒಡೆಯಲಾಗದ ಒಂದೇ ತುಂಡು. ಹಾಗೆಯೇ "ರಕ್ತ ಬಾರದ ಸಣ್ಣ" ಎನ್ನುವ ಎರಡೂ ಗುಣ ಪರಚುಗಾಯದ ಜೊತೆಗೇ ಇರಲಿ.

ಇನ್ನೊಂದು ಕೆಲಸ ಇದೇ ಹಂತದಲ್ಲಿ ಆಗಬೇಕು. "ಅದು", "ಇದು", "ಅದರ" ಅಂತ ಇರುವ ಕಡೆಯಲ್ಲೆಲ್ಲ ನಿಜವಾದ ಹೆಸರು ಬರೆಯಿರಿ. ಸುಮ್ನೆ ಹೇಳುತ್ತಿಲ್ಲ. ನಿಮ್ಮ ಪ್ಯಾರಾದಲ್ಲಿ "ಅನಂತರ ಲಸಿಕೆಯಿಂದ ದೇಹವೇ ಪ್ರತಿಕಾಯ ತಯಾರಿಸುವುದರಿಂದ ಅದರ ಅಗತ್ಯವಿರುವುದಿಲ್ಲ" ಅಂತ ಇದೆ. ಯಾವುದರ ಅಗತ್ಯ? ಸಿದ್ಧ ಪ್ರತಿಕಾಯವನ್ನೇ ನೇರವಾಗಿ ಕೊಡುವ ಚುಚ್ಚುಮದ್ದಾದ ಇಮ್ಯುನೊಗ್ಲಾಬ್ಯುಲಿನ್‌ದು. ಪ್ಯಾರಾದಲ್ಲಿ ಓದುವಾಗ ಅನುಮಾನ ಬರುವುದಿಲ್ಲ, ಯಾಕೆಂದರೆ ಹಿಂದಿನ ಮಾತು ಅದರ ಬಗ್ಗೆಯೇ ಇದೆ. ಆದರೆ ಈ ಸಾಲನ್ನು ಕಿತ್ತು ಒಂದು ಉತ್ತರದಲ್ಲಿ ಇಟ್ಟರೆ, ಪಕ್ಕದಲ್ಲೇ ಇರುವುದು "ಲಸಿಕೆ" ಎನ್ನುವ ಮಾತು. 7 ದಿನ ಆದಮೇಲೆ ಲಸಿಕೆಯೇ ಬೇಡ ಅಂತ ಓದಿಕೊಳ್ಳಬಹುದು. ಆಗ 28ನೇ ದಿನದ ಡೋಸ್ ತಪ್ಪುತ್ತದೆ.

ಈಗ ಅಂಕಿಗಳಿಗೆ ಬರೋಣ. ಅವು ಬಿಟ್ಟುಹೋಗುವುದಿಲ್ಲ ಅಂದೆ. ಆದರೆ ಅವುಗಳ ಲೆಕ್ಕ ಯಾವತ್ತಿನಿಂದ ಶುರು ಎನ್ನುವುದು ಬಿಟ್ಟುಹೋಗುತ್ತದೆ. ನಿಮ್ಮ ಪ್ಯಾರಾದಲ್ಲಿ ದಿನ ಎಣಿಸುವ ಮಾತು ಮೂರು ಕಡೆ ಬರುತ್ತದೆ. ಲಸಿಕೆಯ ದಿನಗಳು ಮೊದಲ ಡೋಸ್ ಪಡೆದ ದಿನದಿಂದ. ಇಮ್ಯುನೊಗ್ಲಾಬ್ಯುಲಿನ್‌ನ 7 ದಿನವೂ ಮೊದಲ ಡೋಸಿನಿಂದಲೇ, ಕಚ್ಚಿದ ದಿನದಿಂದ ಅಲ್ಲ. ನಾಯಿಯನ್ನು ಗಮನಿಸುವ 10 ದಿನ ಯಾವತ್ತಿನಿಂದ? ಪ್ಯಾರಾದಲ್ಲಿ ಹೇಳಿಲ್ಲ. ಅದು ಕಚ್ಚಿದ ದಿನದಿಂದ. ಆರೋಗ್ಯದ ಕೆಲಸ ಮಾಡುವವರಿಗೆ ಗೊತ್ತಿರುವ ಮಾತಾದ್ದರಿಂದ ಡಾಕ್ಟರು ಬರೆದಿಲ್ಲ. ಆದರೆ ನೀವು ನನ್ನ ಮಾತಿನ ಮೇಲೆ ಅದನ್ನು ಸೇರಿಸಬೇಡಿ. ಅವರನ್ನೇ ಕೇಳಿ, ಅವರು ಹೂಂ ಅಂದಮೇಲೆ ಬರೆಯಿರಿ.

ಈ "0ನೇ ದಿನ" ಎನ್ನುವುದನ್ನು ಊರಿನ ಜನ ಎಣಿಸುವ ರೀತಿಯೇ ಬೇರೆ. ನಾವು ಇವತ್ತನ್ನು ಒಂದು ಅಂತ ಎಣಿಸುತ್ತೇವೆ, ಅಲ್ವಾ? ಹಾಗೆ ಎಣಿಸಿದರೆ ಪ್ರತಿ ಡೋಸೂ ಒಂದು ದಿನ ಮುಂಚೆ ಬರುತ್ತದೆ. ಒಂದು ಉದಾಹರಣೆ ಹಾಕಿದರೆ ಗೊಂದಲ ಹೋಗುತ್ತದೆ. ಜೂನ್ 3ಕ್ಕೆ ನಾಯಿ ಕಚ್ಚಿತು, ಜೂನ್ 5ಕ್ಕೆ ಮೊದಲ ಡೋಸ್ ಆಯಿತು ಅಂತಿಟ್ಟುಕೊಳ್ಳಿ. ಎಣಿಕೆ ಶುರುವಾಗುವುದು 5ರಿಂದ. 3ನೇ ದಿನ ಅಂದರೆ ಜೂನ್ 8. 7ನೇ ದಿನ ಜೂನ್ 12. 14ನೇ ದಿನ ಜೂನ್ 19. 28ನೇ ದಿನ ಜುಲೈ 3. ಇಂಥ ಉದಾಹರಣೆ ಹೊಸ ಸಂಗತಿ ಅಲ್ಲ, ಇರುವ ಸಂಗತಿಯ ಬಿಡಿಸಿದ ರೂಪ. ಹಾಗಾಗಿ ಸೇರಿಸಬಹುದು. ಆದರೆ "ಉದಾಹರಣೆಗೆ" ಅಂತ ಎದ್ದು ಕಾಣುವ ಹಾಗೆ ಬರೆಯಿರಿ, ಇಲ್ಲದಿದ್ದರೆ ಜೂನ್ 8ಕ್ಕೇ ಬರಬೇಕೇನೋ ಅಂದುಕೊಳ್ಳುವವರೂ ಇರುತ್ತಾರೆ.

ಸಂಗತಿಗಳ ಪಟ್ಟಿ ಆದಮೇಲೆ ಪ್ರಶ್ನೆ. ಇಲ್ಲಿ ಓದುವವರು ಯಾರು, ಯಾವ ಸ್ಥಿತಿಯಲ್ಲಿ ಓದುತ್ತಾರೆ ಎನ್ನುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಗುವಿನ ಕಾಲಿನಲ್ಲಿ ರಕ್ತ ಬರುತ್ತಿದೆ, ತಾಯಿ ನಿಮ್ಮ ಗೋಡೆಯ ಮುಂದೆ ನಿಂತಿದ್ದಾಳೆ. ಅವಳಿಗೆ "ರೇಬೀಸ್ ಎಂದರೇನು?" ಎನ್ನುವ ಪ್ರಶ್ನೆ ಹುಟ್ಟುವುದೇ ಇಲ್ಲ. ಅವಳ ಪ್ರಶ್ನೆ "ಈಗ ಏನು ಮಾಡಲಿ?" ಡಾಕ್ಟರು ಕಾಯಿಲೆಯಿಂದ ಶುರು ಮಾಡಿ ಚಿಕಿತ್ಸೆಗೆ ಬಂದಿದ್ದಾರೆ. ಪಾಠಕ್ಕೆ ಆ ಕ್ರಮ ಸರಿ. ನಿಮ್ಮ ಪ್ರಶ್ನೆಗಳು ಗಾಯದಿಂದ ಶುರುವಾಗಲಿ. ಆಮೇಲೆ ಲಸಿಕೆ ಬೇಕೋ ಬೇಡವೋ, ಆಮೇಲೆ ದಿನಗಳು, ಕೊನೆಗೆ ನಾಯಿ. ಪ್ರಶ್ನೆಯ ಮಾತು ಜನ ಆಸ್ಪತ್ರೆಯ ಕಿಟಕಿಯಲ್ಲಿ ಕೇಳುವ ಹಾಗೇ ಇರಲಿ. "ಬರೀ ನೆಕ್ಕಿದೆ, ಸೂಜಿ ಬೇಕಾ?" ಎನ್ನುವುದು ಒಳ್ಳೆಯ ಪ್ರಶ್ನೆ. "ಲಸಿಕೆಯ ಅಗತ್ಯತೆಯನ್ನು ಹೇಗೆ ನಿರ್ಧರಿಸಲಾಗುತ್ತದೆ?" ಅಂತ ಯಾರೂ ಕೇಳುವುದಿಲ್ಲ.

ಒಂದು ಎಚ್ಚರಿಕೆ. ಗೋಡೆಯ ಮೇಲಿನ ಬರಹದಲ್ಲಿ ಎಷ್ಟೋ ಜನ ಪ್ರಶ್ನೆಯನ್ನು ಮಾತ್ರ ಓದಿಕೊಂಡು ಹೋಗುತ್ತಾರೆ. ದಪ್ಪ ಅಕ್ಷರದಲ್ಲಿ ಇರುವುದು ಅದೇ. ಹಾಗಾಗಿ ಪ್ರಶ್ನೆಯೇ ತಪ್ಪು ನಂಬಿಕೆ ಬಿತ್ತಬಾರದು. "10 ದಿನ ನಾಯಿ ಚೆನ್ನಾಗಿದ್ದರೆ ಲಸಿಕೆ ಬೇಡ ಅಲ್ಲವೇ?" ಅಂತ ಬರೆದು ಕೆಳಗೆ "ಹಾಗಲ್ಲ" ಅಂದರೆ, ಮೇಲಿನ ಸಾಲು ಮಾತ್ರ ತಲೆಯಲ್ಲಿ ಉಳಿಯುತ್ತದೆ. ಅದೇ ಅನುಮಾನವನ್ನು "ಲಸಿಕೆಗೆ ಸ್ವಲ್ಪ ದಿನ ಕಾಯಬಹುದಾ?" ಅಂತ ಕೇಳಿಸಿ, ಉತ್ತರದ ಮೊದಲ ಮಾತೇ "ಕಾಯಬಾರದು" ಅಂತಿರಲಿ.

ಈಗ ಹೇಳುವುದು ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಪ್ಯಾರಾವನ್ನು ಮೇಲಿಂದ ಕೆಳಗೆ ಪೂರ್ತಿ ಓದುತ್ತಾರೆ. ಹಾಗಾಗಿ ಒಂದು ವಿನಾಯಿತಿಯನ್ನು ಕೊನೆಯಲ್ಲಿ ಒಮ್ಮೆ ಹೇಳಿದರೆ ಸಾಕು, ಅದು ಹಿಂದಿನ ಎಲ್ಲಕ್ಕೂ ಅನ್ವಯಿಸುತ್ತದೆ. ಪ್ರಶ್ನೋತ್ತರವನ್ನು ಹಾಗೆ ಓದುವುದಿಲ್ಲ. ತಮಗೆ ಬೇಕಾದ ಒಂದು ಪ್ರಶ್ನೆ ಓದಿ, ಉತ್ತರ ನೋಡಿ, ಹೊರಟುಬಿಡುತ್ತಾರೆ. ಹಿಂದೆ ಪೂರ್ಣ ಲಸಿಕೆ ಪಡೆದವರ ವಿಷಯ ನೋಡಿ. ಅದು ಡೋಸ್ ಎಷ್ಟು ಎನ್ನುವುದನ್ನೂ ಬದಲಿಸುತ್ತದೆ, ಇಮ್ಯುನೊಗ್ಲಾಬ್ಯುಲಿನ್ ಬೇಕೋ ಬೇಡವೋ ಎನ್ನುವುದನ್ನೂ ಬದಲಿಸುತ್ತದೆ. ಕೊನೆಯಲ್ಲಿ ಒಂದು ಪ್ರಶ್ನೆ ಮಾಡಿ ಕೈಬಿಟ್ಟರೆ, ಹೋದ ವರ್ಷ ಪೂರ್ತಿ ಕೋರ್ಸ್ ಮುಗಿಸಿದ್ದವರು "ರಕ್ತ ಬಂದಿದೆ" ಎನ್ನುವ ಪ್ರಶ್ನೆಯಲ್ಲೇ ನಿಂತುಬಿಡುತ್ತಾರೆ. ಅವರಿಗೆ ಬೇಕಾದ ಮಾತು ಕಾಗದದಲ್ಲಿ ಇದೆ, ಅವರಿಗೆ ಸಿಗಲಿಲ್ಲ. ಡಾಕ್ಟರ ದೃಷ್ಟಿಯಲ್ಲಿ ಇದೂ ಬಿಟ್ಟುಹೋದ ಹಾಗೆಯೇ. ಆದ್ದರಿಂದ ವಿನಾಯಿತಿ ಮುಟ್ಟುವ ಪ್ರತಿ ಉತ್ತರದಲ್ಲೂ ಅದರ ಸುಳಿವು ಬರಲೇಬೇಕು. ಪೂರ್ತಿ ಬರೆಯಲು ಜಾಗವಿಲ್ಲದಿದ್ದರೆ ಒಂದು ಸಾಲು ಸಾಕು. ಪುನರುಕ್ತಿ ಆಯಿತಲ್ಲ ಅಂತ ಹಿಂಜರಿಯಬೇಡಿ. ಇಲ್ಲಿ ಅದು ಬೇಕು.

ಯಾರೂ ಕೇಳದ ಸಂಗತಿಗಳೂ ಒಂದೆರಡು ಉಳಿಯುತ್ತವೆ. ಜೊಲ್ಲಿನಿಂದ ಹರಡುತ್ತದೆ ಎನ್ನುವುದು, 7 ದಿನದ ಮಿತಿ ಯಾಕೆ ಎನ್ನುವುದು. ಇವುಗಳಿಗಾಗಿ ಸುಮ್ಮನೆ ಪ್ರಶ್ನೆ ಹುಟ್ಟಿಸಿದರೆ ಅದು ಪರೀಕ್ಷೆ ಪತ್ರಿಕೆಯ ಹಾಗಾಗುತ್ತದೆ. ಯಾವ ಅನುಮಾನ ಬಂದವರಿಗೆ ಈ ಸಂಗತಿ ಸಮಾಧಾನ ಕೊಡುತ್ತದೆ ಅಂತ ಯೋಚಿಸಿ. ಎಂಟನೇ ದಿನ ಹೋದಾಗ ಇಮ್ಯುನೊಗ್ಲಾಬ್ಯುಲಿನ್ ಕೊಡದೆ ಕಳಿಸಿದರೆ ಜನಕ್ಕೆ ಸಿಟ್ಟು ಬರುತ್ತದೆ, ಭಯವೂ ಆಗುತ್ತದೆ. ಆ ಭಯವೇ ನಿಮ್ಮ ಪ್ರಶ್ನೆ.

ಇಷ್ಟನ್ನೂ ಇಟ್ಟುಕೊಂಡು ನಿಮ್ಮ ಪ್ಯಾರಾವನ್ನು ನಾನು ಹೀಗೆ ಬರೆಯುತ್ತೇನೆ:

ನಾಯಿ ಈಗಷ್ಟೇ ಕಚ್ಚಿದೆ. ಮೊದಲು ಏನು ಮಾಡಬೇಕು?
ಕೂಡಲೇ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ತೊಳೆದು ಆಸ್ಪತ್ರೆಗೆ ಬನ್ನಿ.

ಇಷ್ಟು ಅವಸರ ಯಾಕೆ?
ರೇಬೀಸ್ ಸೋಂಕು ತಗುಲಿದ ಪ್ರಾಣಿಯ ಜೊಲ್ಲಿನಿಂದ ಈ ಕಾಯಿಲೆ ಹರಡುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬಹುಪಾಲು ಎಲ್ಲರೂ ಸಾಯುತ್ತಾರೆ. ಅದಕ್ಕೇ ಕಚ್ಚಿದ ಕೂಡಲೇ ತೊಳೆದು ಆಸ್ಪತ್ರೆಗೆ ಬರಬೇಕು.

ಕಚ್ಚಿಲ್ಲ, ಬರೀ ನೆಕ್ಕಿದೆ. ಲಸಿಕೆ ಬೇಕಾ?
ನೆಕ್ಕಿದ ಜಾಗದಲ್ಲಿ ಮೊದಲೇ ಗಾಯ ಇತ್ತಾ ನೋಡಿ. ಗಾಯ ಇಲ್ಲದ ಚರ್ಮವಾದರೆ ಲಸಿಕೆ ಬೇಕಿಲ್ಲ. ಗಾಯವಾಗಿದ್ದ ಚರ್ಮವಾದರೆ ಲಸಿಕೆಯೂ ಬೇಕು, ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಹಿಂದೆ ಪೂರ್ಣ ಲಸಿಕೆ ಪಡೆದಿದ್ದರೆ ಬೇರೆ ಲೆಕ್ಕ, ಕೆಳಗೆ ನೋಡಿ.

ಸ್ವಲ್ಪ ಪರಚಿದೆ, ರಕ್ತ ಬಂದಿಲ್ಲ. ಲಸಿಕೆ ಬೇಕಾ?
ಬೇಕು. ರಕ್ತ ಬಾರದ ಸಣ್ಣ ಪರಚುಗಾಯಕ್ಕೆ ಲಸಿಕೆ ಕೊಡುತ್ತಾರೆ. ಹಿಂದೆ ಪೂರ್ಣ ಲಸಿಕೆ ಪಡೆದಿದ್ದರೆ ಡೋಸ್ ಕಡಿಮೆ, ಕೆಳಗೆ ನೋಡಿ.

ಕಚ್ಚಿ ಅಥವಾ ಪರಚಿ ರಕ್ತ ಬಂದಿದೆ. ಏನು ಬೇಕು?
ಲಸಿಕೆ ಬೇಕು. ಅದರ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಹಿಂದೆ ಪೂರ್ಣ ಲಸಿಕೆ ಪಡೆದಿದ್ದರೆ ಬೇರೆ ಲೆಕ್ಕ, ಕೆಳಗೆ ನೋಡಿ.

ಲಸಿಕೆಗೆ ಯಾವ್ಯಾವ ದಿನ ಬರಬೇಕು?
ಚರ್ಮದೊಳಗೆ ಕೊಡುವ ಲಸಿಕೆಯಾದರೆ ನಾಲ್ಕು ಸಲ: 0, 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವ ಲಸಿಕೆಯಾದರೆ ಐದು ಸಲ: 0, 3, 7, 14 ಮತ್ತು 28ನೇ ದಿನ. ಮೊದಲ ಡೋಸ್ ಪಡೆದ ದಿನವೇ 0. ಉದಾಹರಣೆಗೆ, ಮೊದಲ ಡೋಸ್ ಜೂನ್ 5ಕ್ಕೆ ಆದರೆ 3ನೇ ದಿನ ಅಂದರೆ ಜೂನ್ 8. ಹಿಂದೆ ಪೂರ್ಣ ಲಸಿಕೆ ಪಡೆದಿದ್ದರೆ ಎರಡೇ ಡೋಸ್, ಕೆಳಗೆ ನೋಡಿ.

ಇಮ್ಯುನೊಗ್ಲಾಬ್ಯುಲಿನ್ ಯಾವಾಗ, ಎಲ್ಲಿಗೆ ಕೊಡುತ್ತಾರೆ?
ಲಸಿಕೆ ಶುರುವಾದ ಮೊದಲ ದಿನವೇ ಕೊಡಬೇಕು. ಆ ದಿನ ಆಗದಿದ್ದರೆ ಲಸಿಕೆಯ ಮೊದಲ ಡೋಸಿನಿಂದ 7 ದಿನದೊಳಗೆ. ಗಾಯದ ಒಳಗೂ, ಗಾಯದ ಸುತ್ತಲೂ ಕೊಡುತ್ತಾರೆ. ಹಿಂದೆ ಪೂರ್ಣ ಲಸಿಕೆ ಪಡೆದಿದ್ದರೆ ಇದು ಬೇಕಿಲ್ಲ, ಕೆಳಗೆ ನೋಡಿ.

ಮೊದಲ ಡೋಸ್ ಆಗಿ 7 ದಿನ ದಾಟಿತು. ಇಮ್ಯುನೊಗ್ಲಾಬ್ಯುಲಿನ್ ಸಿಗಲಿಲ್ಲ. ಈಗ ಕೊಡುತ್ತಾರಾ?
ಇಲ್ಲ, ಈಗ ಇಮ್ಯುನೊಗ್ಲಾಬ್ಯುಲಿನ್‌ನ ಅಗತ್ಯ ಇರುವುದಿಲ್ಲ. ಅಷ್ಟು ಹೊತ್ತಿಗೆ ಲಸಿಕೆಯಿಂದ ದೇಹವೇ ಪ್ರತಿಕಾಯ ತಯಾರಿಸುತ್ತಿರುತ್ತದೆ. ಉಳಿದ ಲಸಿಕೆ ಡೋಸ್‌ಗಳಿಗೆ ಮಾತ್ರ ತಪ್ಪದೆ ಬನ್ನಿ.

ಹಿಂದೊಮ್ಮೆ ಪೂರ್ಣ ಲಸಿಕೆ ಪಡೆದಿದ್ದೇನೆ. ಈಗ ಮತ್ತೆ ಕಚ್ಚಿದೆ. ಎಲ್ಲ ಮೊದಲಿಂದ ಬೇಕಾ?
ಬೇಡ. ಎರಡು ಡೋಸ್ ಸಾಕು, 0 ಮತ್ತು 3ನೇ ದಿನ. ಮೊದಲ ಡೋಸ್ ಪಡೆದ ದಿನವೇ 0. ಇಮ್ಯುನೊಗ್ಲಾಬ್ಯುಲಿನ್ ಬೇಕಿಲ್ಲ.

ಕಚ್ಚಿದ ನಾಯಿ ಚೆನ್ನಾಗಿಯೇ ಓಡಾಡಿಕೊಂಡಿದೆ. ಲಸಿಕೆಗೆ ಸ್ವಲ್ಪ ದಿನ ಕಾಯಬಹುದಾ?
ಕಾಯಬಾರದು. ಕಚ್ಚಿದ್ದು ನಾಯಿಯಾಗಲಿ ಬೆಕ್ಕಾಗಲಿ, ಅದನ್ನು 10 ದಿನ ಗಮನಿಸಬೇಕು. ಆದರೆ ಅದಕ್ಕಾಗಿ ಲಸಿಕೆ ತಡ ಮಾಡಬಾರದು.

ಇದು ಡಾಕ್ಟರ ಪ್ಯಾರಾಕ್ಕಿಂತ ಉದ್ದವಾಯಿತು. ಆಗಲೇಬೇಕು. ಒತ್ತಿ ತುಂಬಿದ ಪ್ಯಾರಾವನ್ನು ಬಿಡಿಸಿದಾಗ ಪ್ರಶ್ನೆಗಳಿಗೆ ಜಾಗ ಬೇಕು, ಮರುಮಾತುಗಳಿಗೆ ಜಾಗ ಬೇಕು. ನೀವು ಬರೆದದ್ದು ಮೂಲದಷ್ಟೇ ಉದ್ದ ಇದ್ದರೆ, ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ, ಮೊದಲು ಅನುಮಾನ ಪಡಿ. ಹಾಳೆ ಸಾಲದಿದ್ದರೆ ಎರಡು ಹಾಳೆ ಅಂಟಿಸಿ, ಸಂಗತಿ ಕಡಿಮೆ ಮಾಡಬೇಡಿ.

ಆಮೇಲೆ ಪರಿಶೀಲನೆ. ಇದನ್ನು ಎರಡೂ ದಿಕ್ಕಿನಿಂದ ಮಾಡಬೇಕು. ಮೊದಲು ಸಂಗತಿಗಳ ಪಟ್ಟಿ ಹಿಡಿದು, ಒಂದೊಂದೂ ಯಾವ ಉತ್ತರದಲ್ಲಿದೆ ಅಂತ ನಂಬರಿನ ಎದುರು ಗುರುತು ಹಾಕಿ. ಖಾಲಿ ಉಳಿದ ನಂಬರ್ ಅಂದರೆ ಬಿಟ್ಟುಹೋದ ಸಂಗತಿ. ಇದು ಎಲ್ಲರಿಗೂ ಹೊಳೆಯುತ್ತದೆ. ಇನ್ನೊಂದು ದಿಕ್ಕು ಹೊಳೆಯುವುದು ಕಡಿಮೆ. ಉತ್ತರಗಳ ಒಂದೊಂದು ವಾಕ್ಯ ಹಿಡಿದು, ಇದು ಪಟ್ಟಿಯ ಯಾವ ನಂಬರಿನಿಂದ ಬಂತು ಅಂತ ಕೇಳಿ. ಯಾವ ನಂಬರಿಗೂ ಸೇರದ ವಾಕ್ಯ ಸಿಕ್ಕರೆ ಅದು ನೀವು ಸೇರಿಸಿದ್ದು. ನನ್ನ ಬರಹದಲ್ಲೇ "ಉಳಿದ ಲಸಿಕೆ ಡೋಸ್‌ಗಳಿಗೆ ತಪ್ಪದೆ ಬನ್ನಿ" ಎನ್ನುವುದು ಹಾಗೆ ಸೇರಿದ್ದು. ದಿನಗಳ ಪಟ್ಟಿಯಿಂದ ಅದು ತಾನಾಗಿಯೇ ಬರುತ್ತದೆ ಮತ್ತು ಅಪಾಯದ ಒಂದು ತಪ್ಪು ಓದನ್ನು ತಡೆಯುತ್ತದೆ ಅಂತ ಇಟ್ಟಿದ್ದೇನೆ. ಆದರೂ ಡಾಕ್ಟರಿಗೆ ತೋರಿಸುವಾಗ ಅದಕ್ಕೆ ಅಡಿಗೆರೆ ಹಾಕಿ ತೋರಿಸಿ. ಗಾಯಕ್ಕೆ ಖಾರದ ಪುಡಿ, ಸುಣ್ಣ ಹಚ್ಚಬಾರದು ಎನ್ನುವುದನ್ನೂ ಸೇರಿಸಬೇಕು ಅಂತ ನಿಮಗೆ ಅನಿಸಬಹುದು. ಮಾತು ನಿಜವೇ. ಹಳ್ಳಿಗಳಲ್ಲಿ ಬೇಕಾದ ಮಾತು ಕೂಡ. ಆದರೆ ಈ ಪ್ಯಾರಾದಲ್ಲಿ ಇಲ್ಲ. ಅವರ ಒಪ್ಪಿಗೆ ಪಡೆದು ಸೇರಿಸಿ.

ಗುರುತು ಹಾಕಿದಷ್ಟಕ್ಕೆ ನಿಲ್ಲಬೇಡಿ. ಸಂಗತಿ ಕಾಗದದ ಮೇಲಿರುವುದು ಬೇರೆ, ಬೇಕಾದವರಿಗೆ ಸಿಗುವುದು ಬೇರೆ. ಮೂಲ ಪ್ಯಾರಾ ನೋಡದ ಒಬ್ಬರ ಕೈಗೆ ಪ್ರಶ್ನೋತ್ತರ ಕೊಟ್ಟು, ಕೆಲವು ಸನ್ನಿವೇಶ ಹೇಳಿ. ಆಶಾ ಕಾರ್ಯಕರ್ತೆ ಅಲ್ಲದವರು, ಊರಿನ ಯಾರಾದರೂ ಆದರೆ ಒಳ್ಳೆಯದು. "ಹೋದ ವರ್ಷ ಪೂರ್ತಿ ಲಸಿಕೆ ಆಗಿದೆ, ಈಗ ಕಚ್ಚಿ ರಕ್ತ ಬಂದಿದೆ, ಏನೇನು ಬೇಕು?" ಅವರು ಎರಡು ಡೋಸ್, ಇಮ್ಯುನೊಗ್ಲಾಬ್ಯುಲಿನ್ ಬೇಡ ಅನ್ನಬೇಕು. "ಬೆಕ್ಕು ಪರಚಿದೆ, ರಕ್ತ ಇಲ್ಲ, ಬೆಕ್ಕು ಮನೆಯಲ್ಲೇ ಆರಾಮಾಗಿದೆ." ಲಸಿಕೆ ಬೇಕು, ಕಾಯಬಾರದು, ಬೆಕ್ಕನ್ನು 10 ದಿನ ಗಮನಿಸಬೇಕು, ಈ ಮೂರೂ ಬರಬೇಕು. "ಸೋಮವಾರ ಕಚ್ಚಿತು, ಗುರುವಾರ ಮೊದಲ ಡೋಸ್, ಇಮ್ಯುನೊಗ್ಲಾಬ್ಯುಲಿನ್‌ಗೆ ಎಲ್ಲಿಯವರೆಗೆ ಸಮಯ?" ಮುಂದಿನ ಗುರುವಾರ ಅಂದರೆ ಸರಿ. ಮುಂದಿನ ಸೋಮವಾರ ಅಂದರೆ, ಯಾವತ್ತಿನಿಂದ ಎಣಿಸಬೇಕು ಎನ್ನುವುದು ಅವರಿಗೆ ತಲುಪಿಲ್ಲ. ಆ ಉತ್ತರವನ್ನು ತಿದ್ದಿ ಮತ್ತೆ ಇನ್ನೊಬ್ಬರಿಗೆ ಕೊಡಿ.

ಎಲ್ಲವೂ ಪ್ರಶ್ನೋತ್ತರವೇ ಆಗಬೇಕು ಅಂತಲೂ ಇಲ್ಲ. ಲಸಿಕೆಯ ದಿನಗಳನ್ನು ಒಂದು ಸಣ್ಣ ಕೋಷ್ಟಕ ಮಾಡಿ ಆ ಪ್ರಶ್ನೆಯ ಕೆಳಗೇ ಹಾಕಿದರೆ ಇನ್ನೂ ಚೆನ್ನ. ಚರ್ಮದೊಳಗೆ ಒಂದು ಸಾಲು, ಸ್ನಾಯುವಿಗೆ ಒಂದು ಸಾಲು, ಹಿಂದೆ ಪೂರ್ಣ ಲಸಿಕೆ ಪಡೆದವರಿಗೆ ಒಂದು ಸಾಲು. ಪಕ್ಕದ ಮನೆಯವರಿಗೆ ಐದು ಸಲ, ನನಗೆ ಯಾಕೆ ನಾಲ್ಕೇ ಸಲ ಎನ್ನುವ ಗಲಾಟೆ ಆಗ ಹುಟ್ಟುವುದೇ ಇಲ್ಲ.

ಕೊನೆಯದಾಗಿ, ಪ್ರಶ್ನೆ ಬರೆಯುತ್ತಾ ಹೋದರೆ ಮೂಲದಲ್ಲಿ ಉತ್ತರವೇ ಇಲ್ಲದ ಪ್ರಶ್ನೆಗಳೂ ಹುಟ್ಟುತ್ತವೆ. ಪ್ಯಾರಾ ಓದುವಾಗ ಕಾಣದ ಖಾಲಿ ಜಾಗ ಆಗ ಕಾಣುತ್ತದೆ. ಅದನ್ನು ನೀವೇ ತುಂಬಬೇಡಿ, ಬಿಡಲೂಬೇಡಿ. ಬೇರೆ ಚೀಟಿಯಲ್ಲಿ ಬರೆದುಕೊಳ್ಳಿ. ಕರಡು ತೋರಿಸಲು ಹೋದಾಗ ಡಾಕ್ಟರನ್ನು ಇಷ್ಟು ಕೇಳಿ: 10 ದಿನ ಎಣಿಸುವುದು ಕಚ್ಚಿದ ದಿನದಿಂದಲೇ ಅಂತ ಬರೆಯಲಾ? ಆ 10 ದಿನದೊಳಗೆ ನಾಯಿ ಸತ್ತರೆ ಅಥವಾ ಕಾಣೆಯಾದರೆ ಏನು ಮಾಡಬೇಕು? ಗರ್ಭಿಣಿಯರಿಗೆ ಲಸಿಕೆ ಕೊಡಬಹುದಾ? ಒಂದು ಡೋಸಿನ ದಿನ ತಪ್ಪಿದರೆ ಮೊದಲಿಂದ ಶುರು ಮಾಡಬೇಕಾ? ಅವರು ಹೇಳಿದ್ದನ್ನು ಅವರ ಎದುರೇ ಬರೆದು, ಓದಿ ಹೇಳಿ. ಪಟ್ಟಿಯಲ್ಲಿ 22, 23, 24, 25 ಅಂತ ನಂಬರ್ ಹಾಕಿ ಸೇರಿಸಿ. ಆಮೇಲೆ ಅವೂ ಮೇಲಿನ ಪರೀಕ್ಷೆಗಳನ್ನೆಲ್ಲ ದಾಟಿ ಗೋಡೆಗೆ ಹೋಗಲಿ.